ಆರು ಊರು, ಒಂಬತ್ತು ದಾರಿ: ಅತಿ ಕಡಿಮೆ ಖರ್ಚಿನಲ್ಲಿ ತಂತಿ ಎಳೆಯುವುದು ಹೇಗೆ?

ಆರು ಊರುಗಳಿಗೆ ವಿದ್ಯುತ್ ತಂತಿ ಎಳೆಯಬೇಕು. ಎಲ್ಲ ಊರುಗಳೂ ಒಂದಕ್ಕೊಂದು ಸೇರಿರಬೇಕು, ಒಟ್ಟು ಖರ್ಚು ಮಾತ್ರ ಆದಷ್ಟು ಕಡಿಮೆ ಇರಬೇಕು. ಇಂಥ ಜೋಡಣೆಗೆ ಗಣಿತದಲ್ಲಿ ಮಿನಿಮಮ್ ಸ್ಪ್ಯಾನಿಂಗ್ ಟ್ರೀ ಎನ್ನುತ್ತಾರೆ. ಇದು ಬರೀ ಪುಸ್ತಕದ ಲೆಕ್ಕವಲ್ಲ. ಈಗಿನ ಚೆಕ್ ದೇಶದ ಮೊರಾವಿಯಾ ಪ್ರಾಂತ್ಯಕ್ಕೆ ವಿದ್ಯುತ್ ಜಾಲ ಹಾಕುವ ಪ್ರಶ್ನೆಯಿಂದಲೇ 1926ರಲ್ಲಿ ಒಟಕಾರ್ ಬೊರೂವ್ಕಾ ಇದಕ್ಕೆ ಮೊದಲ ವಿಧಾನ ಕೊಟ್ಟರು. ನಾವು ಇಲ್ಲಿ ನೋಡುವುದು 1956ರಲ್ಲಿ ಜೋಸೆಫ್ ಕ್ರಸ್ಕಲ್ ಪ್ರಕಟಿಸಿದ ವಿಧಾನವನ್ನು.

ನಿಯಮ ಸರಳ. ಎಲ್ಲ ದಾರಿಗಳನ್ನೂ ಕಡಿಮೆ ಖರ್ಚಿನಿಂದ ಹೆಚ್ಚು ಖರ್ಚಿನ ಕಡೆಗೆ ಸಾಲಾಗಿ ಬರೆದುಕೊಳ್ಳಿ. ಒಂದೊಂದನ್ನೇ ನೋಡುತ್ತ ಹೋಗಿ. ಅದು ಸೇರಿಸುವ ಎರಡು ಊರುಗಳು ಈಗಾಗಲೇ ಸೇರಿದ್ದರೆ ಬಿಟ್ಟುಬಿಡಿ, ಇಲ್ಲದಿದ್ದರೆ ತೆಗೆದುಕೊಳ್ಳಿ.

ನಮ್ಮ ಊರುಗಳು ಕ, ಗ, ಚ, ತ, ಪ, ಮ ಎಂದಿರಲಿ. ಖರ್ಚು ಲಕ್ಷ ರೂಪಾಯಿಗಳಲ್ಲಿ ಹೀಗಿದೆ:

ಕ–ಗ 1, ಚ–ತ 2, ಗ–ಚ 3, ಕ–ಚ 4, ಪ–ಮ 5, ಕ–ತ 6, ತ–ಪ 7, ಚ–ಪ 8, ಗ–ಮ 9

ಈಗಾಗಲೇ ಸೇರಿವೆಯೇ ಎಂದು ತಿಳಿಯುವುದು ಹೇಗೆ?

ಚಿತ್ರ ನೋಡಿದರೆ ನಮಗೆ ಗೊತ್ತಾಗುತ್ತದೆ, ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಅದಕ್ಕಾಗಿ ಯೂನಿಯನ್ ಫೈಂಡ್ ಎಂಬ ಉಪಾಯವಿದೆ. ಪ್ರತಿ ಗುಂಪಿಗೂ ಒಬ್ಬ ಯಜಮಾನ ಇರುತ್ತಾನೆ. ಶುರುವಿನಲ್ಲಿ ಪ್ರತಿ ಊರೂ ಒಂಟಿ, ತನಗೆ ತಾನೇ ಯಜಮಾನ. ಎರಡು ಗುಂಪು ಸೇರಿದಾಗ ಚಿಕ್ಕ ಗುಂಪಿನ ಯಜಮಾನನು ದೊಡ್ಡ ಗುಂಪಿನ ಯಜಮಾನನ ಕೈಕೆಳಗೆ ಬರುತ್ತಾನೆ. ಎರಡೂ ಸಮವಾಗಿದ್ದರೆ ಯಾರು ಬೇಕಾದರೂ ಯಜಮಾನನಾಗಬಹುದು. ಎರಡು ಊರುಗಳ ಯಜಮಾನ ಒಬ್ಬನೇ ಆಗಿದ್ದರೆ ಅವು ಈಗಾಗಲೇ ಸೇರಿವೆ ಎಂದರ್ಥ.

ಈಗ ಲೆಕ್ಕ ಮಾಡೋಣ.

1. ಕ–ಗ (1): ಯಜಮಾನರು ಬೇರೆ, ತೆಗೆದುಕೊಳ್ಳಿ. ಗ ಈಗ ಕ-ದ ಕೆಳಗೆ.
2. ಚ–ತ (2): ಬೇರೆ, ತೆಗೆದುಕೊಳ್ಳಿ. ತ ಈಗ ಚ-ದ ಕೆಳಗೆ.
3. ಗ–ಚ (3): ಗ-ದ ಯಜಮಾನ ಕ, ಚ-ಗೆ ತಾನೇ ಯಜಮಾನ. ತೆಗೆದುಕೊಳ್ಳಿ. ಚ ಈಗ ಕ-ದ ಕೆಳಗೆ.
4. ಕ–ಚ (4): ಇಬ್ಬರಿಗೂ ಕ ಯಜಮಾನ. ಬಿಡಿ.
5. ಪ–ಮ (5): ಬೇರೆ, ತೆಗೆದುಕೊಳ್ಳಿ. ಮ ಈಗ ಪ-ದ ಕೆಳಗೆ.
6. ಕ–ತ (6): ತ-ದ ಮೇಲೆ ಚ, ಚ-ದ ಮೇಲೆ ಕ. ಯಜಮಾನ ಒಬ್ಬನೇ. ಬಿಡಿ.
7. ತ–ಪ (7): ಒಂದು ಕಡೆ ಕ, ಇನ್ನೊಂದು ಕಡೆ ಪ. ತೆಗೆದುಕೊಳ್ಳಿ. ಪ ಈಗ ಕ-ದ ಕೆಳಗೆ.

ಆರು ಊರು ಸೇರಿಸಲು ಐದು ತಂತಿ ಸಾಕು. ಐದು ಸಿಕ್ಕವು, ಹಾಗಾಗಿ ಉಳಿದ ಎರಡು ದಾರಿಗಳನ್ನು ನೋಡುವ ಅಗತ್ಯವಿಲ್ಲ. ಒಟ್ಟು ಖರ್ಚು 1+2+3+5+7, ಅಂದರೆ 18 ಲಕ್ಷ.

ಹೆಚ್ಚಿನವರು ಎಡವುವುದು ಆರನೇ ಹೆಜ್ಜೆಯಲ್ಲಿ. ತ-ದ ನೇರ ಮೇಲಿನವನು ಚ. ಅಲ್ಲಿಗೇ ನಿಲ್ಲಿಸಿ ಕ-ದ ಜೊತೆ ಹೋಲಿಸಿದರೆ ಇಬ್ಬರೂ ಬೇರೆ ಎಂದು ಕಾಣುತ್ತದೆ, ಆರು ಲಕ್ಷ ದಂಡವಾಗಿ ಒಂದು ಸುತ್ತು ಬೀಳುತ್ತದೆ. ಐದು ತಂತಿ ಎಣಿಕೆಗೆ ಸಿಕ್ಕರೂ ಪ ಮತ್ತು ಮ ಹೊರಗೇ ಉಳಿಯುತ್ತವೆ. ಆದ್ದರಿಂದ ತುದಿಯ ಯಜಮಾನ ಸಿಗುವವರೆಗೂ ಮೇಲೆ ಹೋಗಬೇಕು. ಹಾಗೆ ಹೋದಾಗ ತ-ವನ್ನು ನೇರವಾಗಿ ಕ-ದ ಕೆಳಗೇ ಬರೆದಿಟ್ಟರೆ ಮುಂದಿನ ಸಲ ಹುಡುಕಾಟ ಬೇಗ ಮುಗಿಯುತ್ತದೆ.

ಆಗಾಗ ಅಗ್ಗದ್ದನ್ನೇ ಆರಿಸಿದರೆ ಕೊನೆಗೆ ನಷ್ಟ ಆಗುವುದಿಲ್ಲವೇ?

ಇಲ್ಲಿ ಆಗುವುದಿಲ್ಲ. ಏಳನೇ ಹೆಜ್ಜೆ ನೋಡಿ. ಒಂದು ಕಡೆ ಕ, ಗ, ಚ, ತ. ಇನ್ನೊಂದು ಕಡೆ ಪ, ಮ. ನಡುವೆ ಇರುವ ದಾರಿಗಳು 7, 8, 9 ಲಕ್ಷದವು ಮಾತ್ರ. ಯಾರಾದರೂ 7 ಲಕ್ಷದ್ದನ್ನು ಬಿಟ್ಟು ಯೋಜನೆ ಮಾಡಿದರೆ 8 ಅಥವಾ 9 ಲಕ್ಷದ್ದನ್ನು ಬಳಸಲೇಬೇಕು. ಆ ಯೋಜನೆಗೆ 7 ಲಕ್ಷದ್ದನ್ನು ಸೇರಿಸಿದರೆ ಒಂದು ಸುತ್ತು ಆಗುತ್ತದೆ. ಆ ಸುತ್ತಿನಲ್ಲಿರುವ 8 ಅಥವಾ 9 ಲಕ್ಷದ್ದನ್ನು ತೆಗೆದರೂ ಎಲ್ಲ ಊರುಗಳು ಸೇರಿಯೇ ಇರುತ್ತವೆ, ಹಣವೂ ಉಳಿಯುತ್ತದೆ. ಪ್ರತಿ ಹೆಜ್ಜೆಗೂ ಇದೇ ಕಾರಣ.

ಇದು ಅತಿ ಹತ್ತಿರದ ದಾರಿಯೇ?

ಅಲ್ಲ. ಇದೇ ದೊಡ್ಡ ತಪ್ಪು ತಿಳಿವಳಿಕೆ. ಗ-ದಿಂದ ಮ-ಗೆ ನೇರ ದಾರಿ 9. ನಮ್ಮ ಜಾಲದಲ್ಲಿ ಚ, ತ, ಪ ದಾಟಿ ಹೋಗಬೇಕು: 3+2+7+5, ಅಂದರೆ 17. ಕಡಿಮೆಯಾಗಿದ್ದು ಇಡೀ ಜಾಲದ ಖರ್ಚು, ಎರಡು ಊರುಗಳ ನಡುವಿನ ದೂರವಲ್ಲ. ಇನ್ನೊಂದು ಮಾತು: ಇದರಲ್ಲಿ ಬದಲಿ ದಾರಿ ಇಲ್ಲ. ತ–ಪ ತಂತಿ ಕಡಿದರೆ ಪ ಮತ್ತು ಮ ಎರಡೂ ಉಳಿದ ಊರುಗಳಿಂದ ಬೇರೆಯಾಗುತ್ತವೆ. ಹಾಗಾಗಬಾರದು ಎಂದರೆ 18 ಲಕ್ಷದ ಮೇಲೆ ಇನ್ನಷ್ಟು ಖರ್ಚು ಮಾಡಲೇಬೇಕು.