ವಾಲೆಟ್‌ನಲ್ಲಿ ಉಳಿದ ಹಣ ಬ್ಯಾಂಕಿಗೆ ಮರಳುವ ದಾರಿ

ಪ್ರೀಪೇಯ್ಡ್ ವಾಲೆಟ್ ಮತ್ತು ಕಾರ್ಡ್‌ಗಳಿಗೆ ರಿಸರ್ವ್ ಬ್ಯಾಂಕ್ ಮೊದಲ ಮಾರ್ಗಸೂಚಿ ತಂದಿದ್ದು 2009ರಲ್ಲಿ. ಆದರೆ ಮನೆಮನೆಗೆ ವಾಲೆಟ್ ತಲುಪಿದ್ದು 2016ರ ನೋಟು ರದ್ದತಿಯ ನಂತರ. ಆಗ ಮೊಬೈಲ್ ನಂಬರಿದ್ದರೆ ಸಾಕಿತ್ತು. ಅಲ್ಪ ವಿವರ ಕೊಟ್ಟು ತೆರೆದ ವಾಲೆಟ್‌ನ ಮಿತಿಯನ್ನೂ ಆ ನವೆಂಬರಿನಲ್ಲಿ ತಾತ್ಕಾಲಿಕವಾಗಿ 10,000ದಿಂದ 20,000 ರೂಪಾಯಿಗೆ ಏರಿಸಿದರು.

ಹಿಡಿತ ಬಿಗಿಯಾಗಿದ್ದು 2017ರ ಅಕ್ಟೋಬರ್‌ನಲ್ಲಿ. ಅಲ್ಪ ವಿವರದ ವಾಲೆಟ್‌ಗೆ ಮತ್ತೆ 10,000 ರೂಪಾಯಿ ಮಿತಿ ಬಂತು. 12 ತಿಂಗಳೊಳಗೆ ಪೂರ್ಣ ಕೆವೈಸಿ ಮಾಡಿಸಬೇಕೆಂದಾಯಿತು. ಗಡುವು ಮುಂದಕ್ಕೆ ಹೋಗುತ್ತಾ 2020ರ ಫೆಬ್ರುವರಿ ಕೊನೆಯವರೆಗೂ ನಡೆಯಿತು. ಕೆವೈಸಿ ಮಾಡಿಸದವರ ವಾಲೆಟ್‌ಗೆ ಹೊಸದಾಗಿ ಹಣ ತುಂಬುವಂತಿರಲಿಲ್ಲ. ಇದ್ದ ಹಣದಲ್ಲಿ ಸಾಮಾನು ಕೊಳ್ಳಬಹುದಿತ್ತು, ಅಷ್ಟೇ.

2021ರ ಆಗಸ್ಟ್‌ನ ನಿರ್ದೇಶನ ವಾಲೆಟ್‌ಗಳನ್ನು ಎರಡು ಬಗೆಯಾಗಿ ವಿಂಗಡಿಸಿತು. ಪೂರ್ಣ ಕೆವೈಸಿ ಆದದ್ದರಲ್ಲಿ 2 ಲಕ್ಷ ರೂಪಾಯಿವರೆಗೆ ಇಡಬಹುದು, ಅಲ್ಲಿಂದ ಬ್ಯಾಂಕಿಗೂ ಕಳಿಸಬಹುದು. ಸಣ್ಣ ವಾಲೆಟ್‌ನ ಮಿತಿ 10,000 ರೂಪಾಯಿ. ಅದರಿಂದ ನಗದು ತೆಗೆಯುವಂತಿಲ್ಲ, ಬೇರೆಡೆಗೆ ವರ್ಗಾಯಿಸುವಂತಿಲ್ಲ. ಜನ ಸಿಕ್ಕಿಬೀಳುವುದು ಇಲ್ಲೇ.

ಒಬ್ಬರು ತಮ್ಮ ಬ್ಯಾಂಕ್ ಖಾತೆಯಿಂದ ಸಣ್ಣ ವಾಲೆಟ್‌ಗೆ 2,000 ರೂಪಾಯಿ ತುಂಬಿ, 660 ರೂಪಾಯಿಯ ದಿನಸಿ ತಂದರು ಎನ್ನಿ. ಉಳಿದದ್ದು 1,340. ಬ್ಯಾಂಕಿಗೆ ಕಳಿಸಲು ಹೋದರೆ ಆ್ಯಪ್ ಕೆವೈಸಿ ಕೇಳುತ್ತದೆ. ಆ್ಯಪ್ ಕೆಟ್ಟಿದೆ ಎಂದುಕೊಂಡು ಹಲವರು ಅಲ್ಲಿಗೇ ಕೈಬಿಡುತ್ತಾರೆ. ನಿಜಕ್ಕೂ ಇದು ನಿಯಮದ ತಡೆ. ಕೆವೈಸಿ ಬೇಡವೆನ್ನುವವರಿಗೆ ವಾಲೆಟ್ಟನ್ನೇ ಮುಚ್ಚಿಸುವ ಹಕ್ಕಿದೆ. ಆಗ 1,340 ರೂಪಾಯಿ ಯಾವ ಖಾತೆಯಿಂದ ಬಂದಿತ್ತೋ ಅದೇ ಖಾತೆಗೆ ಮರಳಬೇಕು. ಆ ಖಾತೆಯೇ ಈಗ ಇಲ್ಲವಾದರೆ, ಕೆವೈಸಿ ಮುಗಿಸಿ ಬೇರೆ ಖಾತೆಗೆ ಹಾಕಿಸಿಕೊಳ್ಳಬಹುದು. ಬರೀ ಆ್ಯಪ್ ಅಳಿಸಿಹಾಕಿದರೆ ವಾಲೆಟ್ ಮುಚ್ಚಿದಂತಾಗುವುದಿಲ್ಲ, ಹಣ ಅಲ್ಲೇ ಕೂತಿರುತ್ತದೆ. ಈ ಮುಚ್ಚುವ ಆಯ್ಕೆ ಆ್ಯಪಿನ ಮೊದಲ ಪರದೆಯಲ್ಲೇ ಕಾಣಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾರ್ಡ್‌ಗಳ ಕಥೆ ಇನ್ನೂ ಬಿಗಿ. ಗಿಫ್ಟ್ ಕಾರ್ಡ್‌ಗೂ 10,000 ರೂಪಾಯಿ ಮಿತಿ; ಮತ್ತೆ ತುಂಬಿಸಲಾಗದು, ನಗದೂ ಸಿಗದು. ಉಳಿಕೆ ಮರಳಿದರೂ ಅದನ್ನು ತುಂಬಿದವರ ಖಾತೆಗೇ ಹೋಗುತ್ತದೆ, ಉಡುಗೊರೆ ಪಡೆದವರಿಗಲ್ಲ. ಅದಕ್ಕೂ ಪಡೆದವರ ಒಪ್ಪಿಗೆ ಬೇಕು. 2024ರ ಫೆಬ್ರುವರಿಯಲ್ಲಿ ಬಸ್ಸು, ಮೆಟ್ರೊ ಪ್ರಯಾಣಕ್ಕೆಂದೇ ಕೆವೈಸಿ ಇಲ್ಲದ 3,000 ರೂಪಾಯಿ ಮಿತಿಯ ಕಾರ್ಡ್‌ಗೆ ಅನುಮತಿ ಸಿಕ್ಕಿತು. ಅದರಲ್ಲಿ ಹಣ ವಾಪಸಿಯೇ ಇಲ್ಲ, ಆದ್ದರಿಂದ ವಾರಕ್ಕೆ ಬೇಕಾದಷ್ಟೇ ತುಂಬುವುದು ಒಳ್ಳೆಯದು.

ಮರೆತುಹೋದ ವಾಲೆಟ್‌ಗೂ ದಾರಿಯಿದೆ. ಒಂದು ವರ್ಷ ಬಳಸದಿದ್ದರೆ ಕಂಪನಿ ನೋಟಿಸ್ ಕೊಟ್ಟು ಅದನ್ನು ನಿಷ್ಕ್ರಿಯಗೊಳಿಸುತ್ತದೆ; ಗುರುತು ಖಚಿತಪಡಿಸಿದರೆ ಮತ್ತೆ ತೆರೆಯುತ್ತದೆ. ಅವಧಿ ಮುಗಿಯುವ ಮುನ್ನಿನ 45 ದಿನಗಳಲ್ಲಿ ಎಚ್ಚರಿಕೆಯ ಸಂದೇಶ ಬರಬೇಕು. ಮುಗಿದ ಮೇಲೂ ಮೂರು ವರ್ಷ ಆ ಹಣವನ್ನು ಕಂಪನಿ ತನ್ನ ಲಾಭಕ್ಕೆ ಸೇರಿಸಿಕೊಳ್ಳುವಂತಿಲ್ಲ.