ನಿರೂಪಣೆ ಎಂಬ ಅಪ್ಪಣೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಶಾಲಾ ಸಮಾರಂಭಗಳ ವರದಿ ಓದಿದರೆ ಕೊನೆಯ ಸಾಲು ಹೆಚ್ಚಾಗಿ ಒಂದೇ: ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು. ಮೈಕ್ ಹಿಡಿದು ಒಂದಾದ ಮೇಲೆ ಒಂದರಂತೆ ಕಾರ್ಯಕ್ರಮ ಹೇಳುತ್ತ ಹೋಗುವುದೇ ಈಗ ನಿರೂಪಣೆ. ಕಥಾ ವಿಮರ್ಶೆಯಲ್ಲಿ ನಿರೂಪಕ ಎಂದರೆ ಕಥೆ ಹೇಳುವವನು. ಆದರೆ ವಿಜಯನಗರ ಕಾಲದ ಶಾಸನಗಳಲ್ಲಿ ‘ನಿರೂಪ’ ಎಂದರೆ ಅಪ್ಪಣೆ. ಅರಸನ ನಿರೂಪದಿಂದ ದತ್ತಿ ಬಿಟ್ಟರು ಎಂಬಂಥ ಮಾತು ಅಲ್ಲಿ ಬರುತ್ತದೆ. ವಾರ್ಷಿಕ ಕ್ರೀಡಾಕೂಟದ ಮೈದಾನದಲ್ಲಿ ಈ ಪದ ತನ್ನ ಹಳೆಯ ಅರ್ಥಕ್ಕೆ ಮರಳುತ್ತದೆ ಎಂದೇ ನನ್ನ ತಿಳಿವಳಿಕೆ. ಸಭಾಂಗಣದಲ್ಲಿ ನಿರೂಪಕಿ ಎರಡು ನಿಮಿಷ ಹೆಚ್ಚು ಮಾತಾಡಿದರೆ ಕೂತವರು ಕೇಳಿಸಿಕೊಳ್ಳುತ್ತಾರೆ. ಮೈದಾನದಲ್ಲಿ ಅಷ್ಟು ಹೊತ್ತೂ ನೂರಾರು ಮಕ್ಕಳು ಬಿಸಿಲಲ್ಲಿ ನಿಂತಿರುತ್ತಾರೆ.

ಪಥಸಂಚಲನವನ್ನೇ ನೋಡಿ. ಎನ್‌ಸಿಸಿ ಕವಾಯತಿನ ತೇಜ್ ಚಲ್‌ನಲ್ಲಿ ನಿಮಿಷಕ್ಕೆ 120 ಹೆಜ್ಜೆ. ಶಾಲೆಯ ಹುಡುಗರ ಹೆಜ್ಜೆ ಸುಮಾರು 60 ಸೆಂಟಿಮೀಟರ್ ಎಂದಿಟ್ಟುಕೊಂಡರೆ ನಿಮಿಷಕ್ಕೆ 72 ಮೀಟರ್ ಸಾಗುತ್ತಾರೆ. ನಾಲ್ಕು ತಂಡಗಳಿಗೆ ನಮ್ಮ ನದಿಗಳ ಹೆಸರೇ ಇರಲಿ: ಕಾಗಿಣಾ, ಭೀಮಾ, ಮುಲ್ಲಾಮಾರಿ, ಬೆಣ್ಣೆತೊರಾ. ಮೂರು ಸಾಲಿನಲ್ಲಿ ಎಂಟೆಂಟು ಮಕ್ಕಳು, ಮುಂದೆ ಒಬ್ಬ ಮುಂದಾಳು ಇದ್ದರೆ ತುಕಡಿಯ ಉದ್ದ ಸುಮಾರು 11 ಮೀಟರ್. ಹಿಂದಿನ ತುಕಡಿಗೆ 9 ಮೀಟರ್ ಅಂತರ ಬಿಡೋಣ. ಅಂದರೆ ಒಬ್ಬ ಮುಂದಾಳು ವೇದಿಕೆಯ ಎದುರು ದಾಟಿದ ಸುಮಾರು 17 ಸೆಕೆಂಡಿಗೆ ಮುಂದಿನವನು ಅಲ್ಲಿರುತ್ತಾನೆ. ಧ್ವನಿವರ್ಧಕದಲ್ಲಿ ಬಿಡಿಸಿ ಓದಿದರೆ ಆ ಹೊತ್ತಿಗೆ ಇಪ್ಪತ್ತು ಪದಕ್ಕಿಂತ ಹೆಚ್ಚು ಹಿಡಿಯುವುದು ಕಷ್ಟ.

ಬರೆದು ತಂದ ಹಾಳೆಯಲ್ಲಿ ಇರುವುದು ಮಾತ್ರ ಒಂದೊಂದು ತಂಡಕ್ಕೆ ಅರವತ್ತು ಪದದ ಹೊಗಳಿಕೆ. ಶಿಸ್ತು, ಸಾಹಸ, ಸಿಡಿಲು, ಸಿಂಹ ಎಲ್ಲವೂ ಬಂದು ತಂಡದ ಹೆಸರು ಕೊನೆಗೆ ಬರುತ್ತದೆ. ಕನ್ನಡದ ವಾಕ್ಯಕ್ಕೆ ಹೀಗೆ ವಿಶೇಷಣ ಪೇರಿಸುತ್ತ ಹೋಗುವುದು ಸಲೀಸು. ಫಲವಾಗಿ ಭೀಮಾ ತಂಡದ ಮುಂದಾಳು ಹುಡುಗಿ ಅತಿಥಿಗಳಿಗೆ ವಂದನೆ ಸಲ್ಲಿಸುವಾಗ ಮೈಕಿನಲ್ಲಿ ಇನ್ನೂ ಕಾಗಿಣೆಯ ವರ್ಣನೆ ನಡೆದಿರುತ್ತದೆ. ತಿಂಗಳುಗಟ್ಟಲೆ ಕಾಲು ಕೂಡಿಸಿದ ಆ ಹುಡುಗಿಗೆ ಅವಳ ತಂಡದ ಹೆಸರು ಅವಳ ಕ್ಷಣದಲ್ಲಿ ಕೇಳಬೇಕು. ಅದಕ್ಕೆ ಹೆಸರನ್ನೇ ಮೊದಲು ಬರೆಯಬೇಕು: “ಕಾಗಿಣಾ ತಂಡ. ಹಸಿರು ಧ್ವಜ. ಮುಂದಾಳು ಹತ್ತನೆಯ ತರಗತಿಯ ವಿದ್ಯಾರ್ಥಿನಿ. ಕಳೆದ ವರ್ಷ ಖೋಖೋದಲ್ಲಿ ಪ್ರಥಮ.” ಎಲ್ಲಿ ನಿಲ್ಲಿಸಿದರೂ ಮಾತು ಕೆಡುವುದಿಲ್ಲ. ತುಕಡಿ ವೇದಿಕೆಗೆ ಹತ್ತು ಹೆಜ್ಜೆ ಇರುವಾಗ ಓದು ಶುರುವಾಗಬೇಕು. ಮುಂದಾಳು “ದಾಹಿನೇ ದೇಖ್” ಎನ್ನುವಾಗ ಮೈಕ್ ಸುಮ್ಮನಿರಬೇಕು. ಆ ಹೊತ್ತಿಗೆ ಅಪ್ಪಣೆ ಅವಳದು.

ಬಹುಮಾನದ ಲೆಕ್ಕ ಇನ್ನೂ ಬಿಗಿ. ಮೂವರ ಹೆಸರು, ತರಗತಿ, ಪದಕ, ಫೋಟೊ ಸೇರಿ ಒಂದು ಸ್ಪರ್ಧೆಗೆ ಒಂದೂವರೆ ನಿಮಿಷ ಬೇಕೇ ಬೇಕು. 24 ಸ್ಪರ್ಧೆ ಇದ್ದರೆ 36 ನಿಮಿಷ. ಎಲ್ಲವನ್ನೂ ಕೊನೆಗೆ ಉಳಿಸಿದರೆ ಸಣ್ಣ ಮಕ್ಕಳು ಎದ್ದು ಅವ್ವನ ಹತ್ತಿರ ಹೋಗಿರುತ್ತಾರೆ, ಹೆಸರು ಕರೆದರೆ ಬರುವವರಿರುವುದಿಲ್ಲ. ನಾಲ್ಕು ನಾಲ್ಕು ಸ್ಪರ್ಧೆಯ ಬಹುಮಾನವನ್ನು ನಡುನಡುವೆ, ಅಂಕಣಕ್ಕೆ ಹೊಸ ಗೆರೆ ಎಳೆಯುವ ಹೊತ್ತಿನಲ್ಲಿ ಕೊಡುವುದು ಒಳ್ಳೆಯದು. ಆಗ ಇನ್ನೊಂದು ಎಚ್ಚರ ಬೇಕು: ನೂರು ಮೀಟರಿನಲ್ಲಿ ಗೆದ್ದವನೇ ರಿಲೇಗೂ ಓಡುವವನು. ವೇದಿಕೆ ಅವನನ್ನು ಕರೆಯುವಾಗ ಓಟದ ಗೆರೆಯೂ ಕರೆಯುತ್ತಿರುತ್ತದೆ. ಹಾಗಾಗಿ ಬಹುಮಾನದ ಪಟ್ಟಿಯ ಪಕ್ಕದಲ್ಲೇ ಮುಂದಿನ ಓಟದ ಪಟ್ಟಿ ಇರಬೇಕು. ಹೆಸರು ಎರಡರಲ್ಲೂ ಕಂಡರೆ ಆ ಬಹುಮಾನವನ್ನು ಮುಂದಿನ ಸರದಿಗೆ ಸರಿಸಬೇಕು. ತೀರ್ಪುಗಾರರ ಸಹಿ ಇಲ್ಲದ ಚೀಟಿಯನ್ನು ಯಾರು ತಂದುಕೊಟ್ಟರೂ ಓದಬಾರದು. ಒಮ್ಮೆ ಪ್ರಥಮ ಎಂದು ಕೂಗಿದ ಹೆಸರನ್ನು ವಾಪಸ್ ಪಡೆಯುವುದು ಮಗುವಿಗೆ ಬಹಳ ನೋವಿನ ಸಂಗತಿ.

ಓಟಗಾರರನ್ನು ಕರೆಯುವಾಗ ಗ್ರಂಥದ ಕನ್ನಡ ಬೇಡ. “ಸ್ಪರ್ಧಾಳುಗಳು ಉಪಸ್ಥಿತರಾಗತಕ್ಕದ್ದು” ಎಂದರೆ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡುವ ನಮ್ಮ ಕಡೆಯ ಮಕ್ಕಳಿಗೆ ಹೋಗಲಿ, ಕನ್ನಡದ ಮಕ್ಕಳಿಗೂ ಕಾಲು ಏಳುವುದಿಲ್ಲ. “ರಿಲೇ ಓಡೋರು ಲಗೂ ಬರ್ರಿ, ಬಿಳಿ ಗೆರಿ ಹತ್ರ ನಿಂದರ್ರಿ” ಎಂದರೆ ಓಡಿ ಬರುತ್ತಾರೆ. ಹದಿನೈದು ನಿಮಿಷ ಮೊದಲು ಒಂದು ಕರೆ, ಐದು ನಿಮಿಷ ಮೊದಲು ಇನ್ನೊಂದು, ಆಮೇಲೆ ಕೊನೆಯ ಕರೆ. ಕೊನೆಯದು ಎಂದ ಮೇಲೆ ನಾಲ್ಕನೆಯದು ಇರಬಾರದು. ಇದ್ದರೆ ಮುಂದಿನ ಸ್ಪರ್ಧೆಯ ಮೊದಲ ಕರೆಗೆ ಯಾರೂ ಏಳುವುದಿಲ್ಲ.