ಗಿಳಿಗಳ ಮಾತಿನ ಅನುಕರಣೆ

ಗಿಳಿಗಳ ಮಾತಿನ ಅನುಕರಣೆ ಎಂದರೆ ಗಿಳಿಗಳು ತಾವು ಕೇಳಿದ ಮನುಷ್ಯರ ಮಾತನ್ನು ಗುರುತು ಸಿಗುವಷ್ಟು ಸ್ಪಷ್ಟವಾಗಿ ಮರುನುಡಿಯುವ ಸಾಮರ್ಥ್ಯ. ಇದಕ್ಕೆ ಮೂರು ಅಂಗಗಳು ಒಟ್ಟಾಗಿ ಕೆಲಸ ಮಾಡುತ್ತವೆ: ಎದೆಯೊಳಗೆ ಶಬ್ದ ಹುಟ್ಟಿಸುವ ಸಿರಿಂಕ್ಸ್, ಆ ಶಬ್ದಕ್ಕೆ ಆಕಾರ ಕೊಡುವ ನಾಲಿಗೆ, ಮತ್ತು ಕೇಳಿದ್ದನ್ನು ನೆನಪಿನಲ್ಲಿಟ್ಟು ಸ್ನಾಯುಗಳಿಗೆ ಆಜ್ಞೆ ನೀಡುವ ಮಿದುಳು. ಇವುಗಳಲ್ಲಿ ಗಿಳಿಯನ್ನು ಉಳಿದ ಬಹುಪಾಲು ಪಕ್ಷಿಗಳಿಂದ ಬೇರೆ ಮಾಡುವುದು ಮುಖ್ಯವಾಗಿ ಮಿದುಳು. ಗಂಟಲು ವಿಶೇಷವಾಗಿರುವುದರಿಂದ ಗಿಳಿ ಮಾತನಾಡುತ್ತದೆ ಎಂಬ ರೂಢಿಯ ತಿಳಿವಳಿಕೆ ಅರ್ಧ ಮಾತ್ರ ಸರಿ.

ಮಂಡ್ಯ ಜಿಲ್ಲೆಯ ಗಿಳಿ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಮಂಡ್ಯ, ಮದ್ದೂರು ಮತ್ತು ಮಳವಳ್ಳಿಯ ಬಯಲುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕೆಂಪು ಕೊಕ್ಕಿನ, ಉದ್ದ ಬಾಲದ ಹಸಿರು ಗಿಳಿ. ಇದರ ವೈಜ್ಞಾನಿಕ ಹೆಸರು ಸಿಟಾಕ್ಯುಲಾ ಕ್ರಾಮೆರಿ. ಆಡುಮಾತಿನಲ್ಲಿ ಇದನ್ನು ಗಿಣಿ ಎಂದೂ ಕರೆಯುತ್ತಾರೆ. ಬಾಲವೂ ಸೇರಿ ಸುಮಾರು 40 ಸೆಂಟಿಮೀಟರ್ ಉದ್ದವಿರುವ ಈ ಹಕ್ಕಿಯಲ್ಲಿ ಬೆಳೆದ ಗಂಡಿಗೆ ಮಾತ್ರ ಕುತ್ತಿಗೆಯ ಸುತ್ತ ಕಪ್ಪು ಮತ್ತು ಗುಲಾಬಿ ಬಣ್ಣದ ಪಟ್ಟಿ ಇರುತ್ತದೆ. ಹಳೆಯ ಮರಗಳ ಪೊಟರೆಗಳಲ್ಲಿ ಗೂಡು ಮಾಡುವ ಇವು ಹಾಲುಗಟ್ಟಿದ ಭತ್ತ, ಮುಸುಕಿನ ಜೋಳ ಮತ್ತು ಹಣ್ಣುಗಳಿಗೆ ಗುಂಪಾಗಿ ಇಳಿಯುತ್ತವೆ. ಸಂಜೆಯ ಹೊತ್ತು ಕಿರುಚುತ್ತಾ ತಂಗುಮರಗಳ ಕಡೆಗೆ ಹಾರುವ ಹಿಂಡುಗಳಲ್ಲಿ ಒಂದಾದರೂ ಮನುಷ್ಯರ ಪದ ನುಡಿದದ್ದನ್ನು ರೈತರು ಕೇಳಿರುವುದಿಲ್ಲ. ಅದೇ ಜಾತಿಯ ಮರಿ ಮನೆಯಲ್ಲಿ ಬೆಳೆದರೆ ಹೆಸರು ಹಿಡಿದು ಕರೆಯಬಲ್ಲದು. ಎರಡರ ಗಂಟಲೂ ಒಂದೇ ಆಗಿರುವುದರಿಂದ ವ್ಯತ್ಯಾಸಕ್ಕೆ ಕಾರಣವನ್ನು ಕಲಿಕೆಯಲ್ಲಿಯೇ ಹುಡುಕಬೇಕಾಗುತ್ತದೆ.

ಸಿರಿಂಕ್ಸ್

ಮನುಷ್ಯರ ಧ್ವನಿಪೆಟ್ಟಿಗೆ ಕುತ್ತಿಗೆಯಲ್ಲಿ, ಶ್ವಾಸನಾಳದ ಮೇಲ್ತುದಿಯಲ್ಲಿದೆ. ಪಕ್ಷಿಗಳಿಗೂ ಆ ಜಾಗದಲ್ಲಿ ಒಂದು ಕವಾಟ ಉಂಟಾದರೂ ಶಬ್ದ ಹುಟ್ಟುವುದು ಅಲ್ಲಲ್ಲ. ಅವುಗಳ ಸಿರಿಂಕ್ಸ್ ಶ್ವಾಸನಾಳದ ಕೆಳತುದಿಯಲ್ಲಿ, ನಾಳವು ಎರಡು ಶ್ವಾಸಕೋಶಗಳ ಕಡೆಗೆ ಕವಲೊಡೆಯುವಲ್ಲಿ ಇರುತ್ತದೆ. ಉಸಿರು ಹೊರಬರುವಾಗ ಅಲ್ಲಿನ ತೆಳುವಾದ ಪೊರೆಗಳು ಕಂಪಿಸಿ ಗಾಳಿಯ ಹರಿವನ್ನು ಕ್ಷಣಕ್ಷಣಕ್ಕೂ ತಡೆದು ಬಿಡುತ್ತವೆ. ಇದರಿಂದ ಶಬ್ದ ಉಂಟಾಗುತ್ತದೆ. ಸುತ್ತಲಿನ ಸ್ನಾಯುಗಳು ಪೊರೆಗಳನ್ನು ಬಿಗಿ ಮಾಡಿದಾಗ ಸ್ವರ ಏರುತ್ತದೆ, ಸಡಿಲಿಸಿದಾಗ ಇಳಿಯುತ್ತದೆ.

ಮೈನಾ ಮೊದಲಾದ ಹಾಡುಹಕ್ಕಿಗಳಲ್ಲಿ ಎಡ ಮತ್ತು ಬಲ ಕವಲುಗಳಿಗೆ ಬೇರೆ ಬೇರೆ ಶಬ್ದಮೂಲಗಳಿದ್ದು, ಅವು ಒಂದೇ ಕಾಲಕ್ಕೆ ಎರಡು ಸ್ವರಗಳನ್ನು ಹೊರಡಿಸಬಲ್ಲವು. ಗಿಳಿಯ ಸಿರಿಂಕ್ಸ್‌ನಲ್ಲಿ ಇರುವುದು ಎದುರುಬದುರಾದ ಒಂದೇ ಜೊತೆ ಪೊರೆ. ಅದನ್ನು ಆಡಿಸುವ ಸ್ನಾಯುಗಳೂ ಹಾಡುಹಕ್ಕಿಗಳಿಗಿಂತ ಕಡಿಮೆ. ರಚನೆಯ ದೃಷ್ಟಿಯಿಂದ ಇದು ಸರಳವಾದ ಅಂಗವೇ ಸರಿ. ಆದರೆ ಒಂದೇ ಮೂಲದಿಂದ ಹೊರಡುವ, ಅನೇಕ ಮೇಲುಸ್ವರಗಳು ತುಂಬಿದ ಶಬ್ದವು ಮನುಷ್ಯರ ಗಂಟಲಿನ ಶಬ್ದಕ್ಕೆ ಹತ್ತಿರವಾಗಿರುತ್ತದೆ. ಇಂತಹ ಕಚ್ಚಾ ಶಬ್ದ ಸಿಕ್ಕಿದರೆ ಅದನ್ನು ಬಾಯಿಯಲ್ಲಿ ತಿದ್ದುವುದು ಸಾಧ್ಯವಾಗುತ್ತದೆ.

ನಾಲಿಗೆಯ ಕೆಲಸ

‘ಆ’, ‘ಈ’, ‘ಊ’ ಎಂದು ಒಂದೇ ಶ್ರುತಿಯಲ್ಲಿ ಹೇಳಿದರೂ ಕಿವಿ ಅವನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ನಾಲಿಗೆ ಮತ್ತು ತುಟಿಗಳು ಬಾಯಿಯ ಆಕಾರವನ್ನು ಬದಲಿಸಿದಂತೆ ಕೆಲವು ಆವರ್ತಗಳು ಬಲಗೊಂಡು ಉಳಿದವು ಕುಗ್ಗುವುದೇ ಇದಕ್ಕೆ ಕಾರಣ. ಹೀಗೆ ಬಲಗೊಂಡ ಆವರ್ತಗಳ ಗುಚ್ಛಗಳಿಗೆ ಫಾರ್ಮೆಂಟ್ ಎಂದು ಹೆಸರು.

ಗಿಳಿಯ ನಾಲಿಗೆ ದಪ್ಪವಾಗಿದ್ದು, ಕಾಳಿನ ಸಿಪ್ಪೆ ಬಿಡಿಸುವುದಕ್ಕೆ ಬೇಕಾದಷ್ಟು ಚುರುಕಾಗಿದೆ. ಇದು ಫಾರ್ಮೆಂಟ್‌ಗಳನ್ನೂ ಬದಲಿಸುತ್ತದೆಯೇ ಎಂಬುದನ್ನು ಗೇಬ್ರಿಯಲ್ ಬೆಕರ್ಸ್, ಬ್ರಯಾನ್ ನೆಲ್ಸನ್ ಮತ್ತು ರಾಡರಿಕ್ ಸದರ್ಸ್ 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನೇರವಾಗಿ ಪರೀಕ್ಷಿಸಿತು. ಅವರು ದಕ್ಷಿಣ ಅಮೆರಿಕದ ಮಾಂಕ್ ಗಿಳಿಗಳ ಮೃತದೇಹಗಳಲ್ಲಿ ಸಿರಿಂಕ್ಸ್ ಇದ್ದ ಜಾಗಕ್ಕೆ ಪುಟ್ಟ ಧ್ವನಿವರ್ಧಕವನ್ನು ಜೋಡಿಸಿ, ನಾಲಿಗೆಯನ್ನು ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸುತ್ತಾ ಹೊರಬಂದ ಶಬ್ದವನ್ನು ಅಳೆದರು. ಒಳಗಿನ ಶಬ್ದ ಬದಲಾಗದಿದ್ದರೂ ನಾಲಿಗೆ ಮಿಲಿಮೀಟರಿನ ಅಂಶದಷ್ಟು ಸರಿದಾಗಲೇ ಹೊರಗಿನ ಶಬ್ದದ ಫಾರ್ಮೆಂಟ್‌ಗಳು ಗಮನಾರ್ಹವಾಗಿ ಬದಲಾದವು. ಅಂದರೆ ಗಿಳಿಯೂ ಮನುಷ್ಯರಂತೆ ನಾಲಿಗೆಯಿಂದ ಸ್ವರಗಳನ್ನು ಬೇರ್ಪಡಿಸಬಲ್ಲದು.

ಎಲ್ಲ ಗಿಳಿಗಳ ಮಾರ್ಗವೂ ಇದೇ ಅಲ್ಲ. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ತಪ್ಪು ಹೆಸರಿನಲ್ಲಿ ಮಾರಾಟವಾಗುವ ಆಸ್ಟ್ರೇಲಿಯಾ ಮೂಲದ ಬಜರಿಗಾರ್ ತೀರ ಸಣ್ಣ ಹಕ್ಕಿ. ಇದು ಎತ್ತರದ ಸ್ವರವೊಂದರ ಬಲವನ್ನು ಅತಿ ವೇಗವಾಗಿ ಏರಿಸಿ ಇಳಿಸುವ ಮೂಲಕ ಮಾತಿನಂತಹ ಪರಿಣಾಮವನ್ನು ಉಂಟುಮಾಡುತ್ತದೆ. ಅದರ ಮಾತು ಗೊಗ್ಗರಾಗಿ, ಗೊಣಗಿದಂತೆ ಕೇಳಿಸುತ್ತದೆ.

‘ಅಮ್ಮ’ ಎಂಬ ಪದದ ಉದಾಹರಣೆ

ಗಿಳಿಗೆ ತುಟಿಗಳಿಲ್ಲ. ಕನ್ನಡ ವರ್ಣಮಾಲೆಯ ಪ, ಫ, ಬ, ಭ, ಮ ಎಂಬ ಐದು ಓಷ್ಠ್ಯ ವ್ಯಂಜನಗಳು ತುಟಿ ಸೇರದೆ ಹುಟ್ಟವು ಎಂದು ವ್ಯಾಕರಣ ಹೇಳುತ್ತದೆ. ಹೀಗಿದ್ದೂ ಮನೆಗಳಲ್ಲಿ ಗಿಳಿಗೆ ಮೊದಲು ಹೇಳಿಕೊಡುವ ‘ಅಮ್ಮ’, ‘ರಾಮ’ ಎಂಬ ಪದಗಳಲ್ಲಿ ಮಕಾರವೇ ಇರುವುದು ಕುತೂಹಲಕರ.

ಮನುಷ್ಯರು ‘ಅಮ್ಮ’ ಎನ್ನುವಾಗ ಮೊದಲು ಬಾಯಿ ತೆರೆದಿದ್ದು ‘ಅ’ ಕೇಳಿಸುತ್ತದೆ. ಬಳಿಕ ತುಟಿಗಳು ಮುಚ್ಚಿ ಗಾಳಿ ಮೂಗಿನ ಮೂಲಕ ಹೊರಡುತ್ತದೆ. ಶಬ್ದ ಕುಗ್ಗಿ ಕೆಳಸ್ವರದ ಗುಂಗು ಮಾತ್ರ ಉಳಿಯುತ್ತದೆ. ಕೊನೆಗೆ ತುಟಿ ತೆರೆದು ಮತ್ತೆ ‘ಅ’ ಕೇಳಿಸುತ್ತದೆ. ಕೇಳುಗರ ಕಿವಿಗೆ ತುಟಿ ಕಾಣುವುದಿಲ್ಲ. ಅದಕ್ಕೆ ಸಿಗುವುದು ಜೋರಾದ ಸ್ವರ, ಅದು ಕುಗ್ಗುವ ಬಗೆ, ಕುಗ್ಗಿದ ಅವಧಿ ಮತ್ತು ಮತ್ತೆ ಏರುವ ಬಗೆ. ಗಿಳಿ ಅನುಕರಿಸುವುದು ಈ ಶಬ್ದದ ಚಿತ್ರವನ್ನೇ ಹೊರತು ಬಾಯಿಯ ಚಲನೆಯನ್ನಲ್ಲ. ಸಿರಿಂಕ್ಸ್‌ಗೆ ತಲುಪುವ ಉಸಿರಿನ ಒತ್ತಡವನ್ನು ಕಡಿಮೆ ಮಾಡಿ, ನಾಲಿಗೆಯ ಜಾಗವನ್ನು ಬದಲಿಸಿ, ಶ್ವಾಸನಾಳದ ಬಾಯನ್ನು ಕಿರಿದುಗೊಳಿಸಿ ಅದು ಸರಿಸುಮಾರಾದ ಮಕಾರವನ್ನು ಸಾಧಿಸಬಹುದು. ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ 1977ರಿಂದ ಅಧ್ಯಯನ ಮಾಡಿದ ಅಲೆಕ್ಸ್ ಎಂಬ ಆಫ್ರಿಕದ ಬೂದು ಗಿಳಿ ‘ಪೇಪರ್’ ಎಂಬ ಪದವನ್ನು ತುಟಿಗಳಿಲ್ಲದೆಯೇ ಗುರುತು ಸಿಗುವಂತೆ ನುಡಿಯುತ್ತಿತ್ತು.

ಇಲ್ಲಿ ಕೇಳುಗರ ಪಾಲೂ ಇದೆ. ‘ಇದು ಅಮ್ಮ ಅನ್ನುತ್ತದೆ’ ಎಂದು ಮೊದಲೇ ಹೇಳಿದರೆ ಅಸ್ಪಷ್ಟ ಶಬ್ದವೂ ‘ಅಮ್ಮ’ ಎಂದೇ ಕೇಳಿಸುತ್ತದೆ. ಆದುದರಿಂದ ಅನುಕರಣೆ ನಿಜವೋ ಕೇಳುಗರ ನಿರೀಕ್ಷೆಯೋ ಎಂಬುದನ್ನು ತಿಳಿಯಲು, ಯಾವ ಪದ ಕಲಿಸಲಾಗಿದೆ ಎಂಬುದು ಗೊತ್ತಿಲ್ಲದವರಿಗೆ ಧ್ವನಿಮುದ್ರಿಕೆಯನ್ನು ಕೇಳಿಸಿ ಕೇಳಿದ್ದನ್ನು ಬರೆಯಿಸಬೇಕು. ಮನೆಯವರು ತಮ್ಮ ಗಿಳಿಯ ಬಗ್ಗೆ ನುಡಿಯುವ ಸಾಕ್ಷ್ಯಕ್ಕಿಂತ ಈ ಸರಳ ಪರೀಕ್ಷೆ ಹೆಚ್ಚು ನಂಬಲರ್ಹ.

ಮಿದುಳು

ಕೋಳಿಗೂ ಸಿರಿಂಕ್ಸ್ ಇದೆ, ಕೋಗಿಲೆಗೂ ಇದೆ. ಕೋಗಿಲೆಯ ಮರಿ ಕಾಗೆಯ ಗೂಡಿನಲ್ಲಿ, ಕಾಗೆಯ ಕೂಗನ್ನೇ ಕೇಳುತ್ತಾ ಬೆಳೆದರೂ ದೊಡ್ಡದಾದ ಮೇಲೆ ಕೋಗಿಲೆಯಂತೆಯೇ ಕೂಗುತ್ತದೆ. ಅದರ ಕೂಗು ಹುಟ್ಟಿನಿಂದ ಬಂದದ್ದು. ಕೇಳಿ ಕಲಿತು ಕೂಗನ್ನು ರೂಪಿಸಿಕೊಳ್ಳುವ ಶಕ್ತಿ ಪಕ್ಷಿಗಳಲ್ಲಿ ಮುಖ್ಯವಾಗಿ ಗಿಳಿಗಳು, ಹಾಡುಹಕ್ಕಿಗಳು ಮತ್ತು ಝೇಂಕಾರದ ಹಕ್ಕಿಗಳು ಎಂಬ ಮೂರು ಗುಂಪುಗಳಲ್ಲಿ ಕಂಡುಬಂದಿದೆ. ಇವುಗಳ ಮುಮ್ಮಿದುಳಿನಲ್ಲಿ ಧ್ವನಿ ಕಲಿಕೆಗೆಂದೇ ಮೀಸಲಾದ ನರಕೋಶಗಳ ಗುಂಪುಗಳಿವೆ. ಗಿಳಿಯಲ್ಲಿ ಇವುಗಳೊಂದರಿಂದ ಹೊರಟ ನರತಂತುಗಳು ಮಿದುಳಿನ ಬುಡದಲ್ಲಿರುವ, ಸಿರಿಂಕ್ಸ್‌ನ ಸ್ನಾಯುಗಳನ್ನು ಆಳುವ ಕೋಶಗಳಿಗೆ ನೇರವಾಗಿ ತಲುಪುತ್ತವೆ. ಕೋಳಿಯಲ್ಲಿ ಈ ನೇರ ದಾರಿ ಇಲ್ಲ.

ಗಿಳಿಗಳಿಗೆ ಇನ್ನೂ ಒಂದು ವಿಶೇಷ ಉಂಟು. ಡ್ಯೂಕ್ ವಿಶ್ವವಿದ್ಯಾಲಯದ ಮುಕ್ತಾ ಚಕ್ರವರ್ತಿ, ಎರಿಕ್ ಜಾರ್ವಿಸ್ ಮತ್ತು ಸಂಗಡಿಗರು 2015ರಲ್ಲಿ ಒಂಬತ್ತು ಜಾತಿಯ ಗಿಳಿಗಳ ಮಿದುಳುಗಳನ್ನು ಹೋಲಿಸಿದರು. ಹಾಡುಹಕ್ಕಿಗಳಲ್ಲೂ ಇರುವಂತಹ ಧ್ವನಿಕೇಂದ್ರಗಳ ತಿರುಳಿನ ಸುತ್ತ, ಗಿಳಿಗಳಲ್ಲಿ ಮಾತ್ರ ಒಂದು ಹೊರಪದರ ಇರುವುದನ್ನು ಅವರು ಗುರುತಿಸಿದರು. ಅನುಕರಣೆಯಲ್ಲಿ ಹೆಸರಾದ ಜಾತಿಗಳಲ್ಲಿ ಈ ಪದರ ಹೆಚ್ಚು ದೊಡ್ಡದಾಗಿತ್ತು. ಗಿಳಿಗಳ ವಂಶವೃಕ್ಷದಲ್ಲಿ ಬಹಳ ಹಿಂದೆಯೇ ಕವಲೊಡೆದ ನ್ಯೂಜಿಲೆಂಡಿನ ಕಿಯಾದಲ್ಲಿ ಅದು ಆರಂಭಿಕ ರೂಪದಲ್ಲಷ್ಟೇ ಇತ್ತು. ಪದರದ ಗಾತ್ರಕ್ಕೂ ಅನುಕರಣೆಗೂ ಸಂಬಂಧವಿದೆ ಎಂಬುದು ಇದರಿಂದ ಕಾಣುತ್ತದೆಯಾದರೂ, ಪದರವೇ ಅನುಕರಣೆಗೆ ಕಾರಣ ಎಂದು ಹೋಲಿಕೆಯೊಂದರಿಂದಲೇ ತೀರ್ಮಾನಿಸಲಾಗದು.

2025ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಕೂಗುತ್ತಿರುವ ಬಜರಿಗಾರ್‌ಗಳ ಮಿದುಳಿನ ಧ್ವನಿಕೇಂದ್ರದಿಂದ ನರಕೋಶಗಳ ಚಟುವಟಿಕೆಯನ್ನು ದಾಖಲಿಸಿದರು. ಕೆಲವು ಕೋಶಗಳು ಕರ್ಕಶವಾದ, ವ್ಯಂಜನದಂತಹ ಶಬ್ದಗಳ ವೇಳೆ ಸಕ್ರಿಯವಾಗುತ್ತಿದ್ದವು. ಬೇರೆ ಕೆಲವು ಸ್ವರಾಕ್ಷರದಂತಹ ಶಬ್ದಗಳ ವೇಳೆ, ಶ್ರುತಿಗೆ ತಕ್ಕಂತೆ ಸಕ್ರಿಯವಾಗುತ್ತಿದ್ದವು. ಹೋಲಿಕೆಗೆಂದು ಪರೀಕ್ಷಿಸಿದ ಜೀಬ್ರಾ ಫಿಂಚ್ ಎಂಬ ಹಾಡುಹಕ್ಕಿಯಲ್ಲಿ ಇಂತಹ ವಿಂಗಡಣೆ ಕಾಣಲಿಲ್ಲ. ಹಾರ್ಮೋನಿಯಂನ ಮನೆಗಳನ್ನು ಒತ್ತಿ ಬೇಕಾದ ರಾಗ ಕಟ್ಟುವಂತೆ, ಗಿಳಿಯ ಮಿದುಳು ಇದೇ ಕೋಶಗಳನ್ನು ಬೇರೆ ಬೇರೆ ಕ್ರಮದಲ್ಲಿ ಬಳಸಿ ಹೊಸ ಶಬ್ದಗಳನ್ನು ಕಟ್ಟಬಲ್ಲದು.

ಮನುಷ್ಯರನ್ನೇ ಏಕೆ ಅನುಕರಿಸುತ್ತದೆ

ಕಾಡಿನ ಗಿಳಿಗೆ ಅನುಕರಣೆ ಹಿಂಡಿನ ಬದುಕಿನ ಅಗತ್ಯ. ವೆನೆಜುವೆಲಾದ ಪುಟ್ಟ ಗಿಳಿಗಳ ಮೇಲೆ ಕಾರ್ಲ್ ಬರ್ಗ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೂಡುಗಳ ಮೊಟ್ಟೆಗಳನ್ನು ಅದಲುಬದಲು ಮಾಡಿದಾಗ ಮರಿಗಳ ಗುರುತಿನ ಕೂಗು ಹೆತ್ತವರದ್ದನ್ನಲ್ಲ, ಸಾಕಿದವರದ್ದನ್ನು ಹೋಲಿತು. ಮರಿ ತನ್ನ ಸುತ್ತ ಇರುವವರ ಶಬ್ದವನ್ನು ಕಲಿಯುತ್ತದೆ. ಸುತ್ತ ಇರುವವರು ಮನುಷ್ಯರೇ ಆದರೆ ಅವರೇ ಹಿಂಡು, ಅವರ ಮಾತೇ ಹಿಂಡಿನ ಕೂಗು. ಅಲೆಕ್ಸ್‌ನ ತರಬೇತಿಯಲ್ಲೂ ಇಬ್ಬರು ವ್ಯಕ್ತಿಗಳು ಗಿಳಿಯ ಎದುರು ವಸ್ತುವೊಂದನ್ನು ಹಿಡಿದು ಪರಸ್ಪರ ಮಾತನಾಡುವ ಕ್ರಮವಿತ್ತು. ಧ್ವನಿಮುದ್ರಿಕೆಯನ್ನಷ್ಟೇ ಕೇಳಿಸಿದಾಗ ಬೂದು ಗಿಳಿಗಳು ಪದಗಳನ್ನು ಕಲಿಯಲಿಲ್ಲ. ಅರ್ಥ ತಿಳಿಯದ ಬಾಯಿಪಾಠವನ್ನು ಕನ್ನಡದಲ್ಲಿ ಗಿಳಿಪಾಠ ಎನ್ನುವುದುಂಟು; ವಸ್ತುಗಳ ಹೆಸರು, ಬಣ್ಣ ಮತ್ತು ಎಣಿಕೆಯನ್ನು ಹೇಳುತ್ತಿದ್ದ ಅಲೆಕ್ಸ್‌ನ ವಿಷಯದಲ್ಲಿ ಆ ಮಾತು ಪೂರ್ಣವಾಗಿ ಒಪ್ಪುವುದಿಲ್ಲ.

ಹಸಿಮೆಣಸಿನಕಾಯಿ ತಿನ್ನಿಸಿದರೆ ಗಿಳಿಗೆ ಬೇಗ ಮಾತು ಬರುತ್ತದೆ ಎನ್ನುವವರಿದ್ದಾರೆ. ಪಕ್ಷಿಗಳ ನರಗಳಿಗೆ ಮೆಣಸಿನ ಖಾರ ತಾಗುವುದೇ ಇಲ್ಲವಾದ್ದರಿಂದ ಅವು ಅದನ್ನು ಸುಮ್ಮನೆ ಹಣ್ಣಿನಂತೆ ತಿನ್ನುತ್ತವೆ. ನಾಲಿಗೆಯ ತುದಿ ಕತ್ತರಿಸಿದರೆ ಮಾತು ತಿರುಗುತ್ತದೆ ಎಂಬ ನಂಬಿಕೆ ಕ್ರೂರವೂ ಹೌದು, ವಿರುದ್ಧ ಫಲ ಕೊಡುವಂಥದ್ದೂ ಹೌದು. ಸ್ವರಗಳನ್ನು ಬೇರ್ಪಡಿಸುವ ಅಂಗವೇ ಅದು.

ಕಾನೂನು

ಹಿಂಡಿನಿಂದ ಬೇರ್ಪಟ್ಟ ಮರಿಯೇ ಮಾತು ಕಲಿಯುವುದರಿಂದ ವ್ಯಾಪಾರಕ್ಕಾಗಿ ಕಳ್ಳರು ಕೈಹಾಕುವುದು ಪೊಟರೆಗಳಲ್ಲಿರುವ, ರೆಕ್ಕೆ ಬಲಿಯದ ಮರಿಗಳಿಗೆ. ಭಾರತದ ಕಾಡುಗಿಳಿಗಳನ್ನು ಹಿಡಿಯುವುದು, ಮಾರುವುದು ಮತ್ತು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2022ರ ತಿದ್ದುಪಡಿಯ ಬಳಿಕ ಸಾಮಾನ್ಯ ಹಸಿರು ಗಿಳಿಯೂ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ. ಸಂತೆ ಜಾತ್ರೆಗಳಲ್ಲಿ ಗಿಳಿಶಾಸ್ತ್ರ ಹೇಳುವವರ ಬಳಿ ಇರುವ, ಮಾತನಾಡದೆ ಚೀಟಿ ಮಾತ್ರ ಎತ್ತುವ ಗಿಳಿಗಳಿಗೂ ಇದು ಅನ್ವಯಿಸುತ್ತದೆ.